ಕನಿಷ್ಠ 39 ಮಕ್ಕಳು

ನಮ್ಮ ಕಾಂಪೌಂಡಿನ ಆಚೆ ಮನೆಯ ಟೀಚರಮ್ಮ ಸರ್ಕಾರಿ ಶಾಲೆಯಿಂದ ನಿವೃತ್ತರಾಗಿದ್ದರೂ ಮಕ್ಕಳ ಓದಿನ ಚಿಂತೆಯಿಂದ ನಿವೃತ್ತರಾದವರಲ್ಲ. ತವರೂರಿನ ಕಡೆಯವರೆಲ್ಲ ಸೇರಿ ಕಟ್ಟಿಕೊಂಡಿರುವ ಚಿಕ್ಕ ಟ್ರಸ್ಟಿಗೆ ಇವರೇ ಕಾರ್ಯದರ್ಶಿ. ಅಲ್ಲೊಂದು ಮಕ್ಕಳ ಗ್ರಂಥಾಲಯ ಮಾಡಬೇಕೆಂದು ಕಂಪನಿಯೊಂದರ ಸಿಎಸ್‌ಆರ್ ಹಣಕ್ಕೆ ಪ್ರಸ್ತಾವನೆ ಸಿದ್ಧಮಾಡುತ್ತಿದ್ದರು. ನಾನು ಕೆಲವು ವರ್ಷ ಇಂಥ ಪ್ರಸ್ತಾವನೆಗಳನ್ನು ಓದಿ ಟಿಪ್ಪಣಿ ಬರೆಯುವ ಕೆಲಸದಲ್ಲಿದ್ದವನು ಎಂಬುದು ಅವರಿಗೆ ಗೊತ್ತು. ಒಂದು ಬೆಳಿಗ್ಗೆ ಗೋಡೆಯ ಮೇಲೆ ಹಾಳೆಗಳನ್ನಿಟ್ಟರು.

“ನೋಡಪ್ಪಾ, ಬಜೆಟ್ಟು, ಚಟುವಟಿಕೆ ಪಟ್ಟಿ ಎಲ್ಲ ಆಯ್ತು. ‘ಯಾಕೆ ಬೇಕು’ ಅಂತ ಹೇಳೋ ಭಾಗ ಇದೆಯಲ್ಲ, ಅದು ಮಾತ್ರ ಎಷ್ಟು ಬರೆದ್ರೂ ಭಾಷಣ ಆಗ್ತಿದೆ. ನೀನೊಂದು ಸಲ ಓದು.”

ಅವರು ಬರೆದಿದ್ದು ಇಷ್ಟು: “ಇಂದು ಮೊಬೈಲ್ ಹಾವಳಿಯಿಂದ ಗ್ರಾಮೀಣ ಮಕ್ಕಳು ಓದುವುದನ್ನೇ ಮರೆತಿದ್ದಾರೆ. ದೇಶದ ಶೇ 57ರಷ್ಟು ಮಕ್ಕಳಿಗೆ ಓದಲು ಬರುವುದಿಲ್ಲ. ನಮ್ಮ ಭಾಗದಲ್ಲಿ ಒಂದೇ ಒಂದು ಗ್ರಂಥಾಲಯವೂ ಇಲ್ಲದಿರುವುದರಿಂದ ಇಡೀ ಒಂದು ಪೀಳಿಗೆ ಕತ್ತಲೆಯಲ್ಲಿದೆ. ಆದ್ದರಿಂದ ಗ್ರಂಥಾಲಯದ ಸ್ಥಾಪನೆ ಅತ್ಯಂತ ತುರ್ತಿನ ಅಗತ್ಯವಾಗಿದೆ.”

“ಟೀಚರಮ್ಮ, ನೀವು ಹೇಳಬೇಕು ಅಂತಿರೋದು ನಿಜ. ಆದರೆ ಈ ನಾಲ್ಕು ವಾಕ್ಯದಲ್ಲಿ ಒಂದಕ್ಕೂ ಕಾಲಿಲ್ಲ” ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೆಂಪು ಪೆನ್ನು ಹಿಡಿದು ಜೀವನ ಸವೆಸಿದವರು. “ಹೇಳು, ಒಂದೊಂದಾಗಿ ಹೇಳು” ಎಂದರು.

ಮೊದಲು ಎರಡನೇ ವಾಕ್ಯ ಹಿಡಿದೆವು, ಯಾಕೆಂದರೆ ಅಂಕಿಯಿರುವುದು ಅದೊಂದರಲ್ಲೇ. 57 ಎಲ್ಲಿಂದ ಬಂತು ಎಂದರೆ ಯಾವುದೋ ಭಾಷಣದಲ್ಲಿ ಕೇಳಿದ್ದು ಎಂದರು. ಅದರ ಮೂಲ ಪ್ರಥಮ್ ಸಂಸ್ಥೆ ನಡೆಸುವ ‘ಅಸರ್’ ಸಮೀಕ್ಷೆ. 2022ರ ವರದಿಯ ಪ್ರಕಾರ ದೇಶದ ಗ್ರಾಮೀಣ ಭಾಗದ ಐದನೇ ತರಗತಿ ಮಕ್ಕಳಲ್ಲಿ ಶೇ 42.8 ಮಂದಿ ಎರಡನೇ ತರಗತಿ ಮಟ್ಟದ ಪಠ್ಯ ಓದಬಲ್ಲವರಾಗಿದ್ದರು. ನೂರರಲ್ಲಿ ಅದನ್ನು ಕಳೆದರೆ ಉಳಿಯುವುದು 57.2. ಆ ಅಂಕಿ ಬಾಯಿಂದ ಬಾಯಿಗೆ ಬರುವಾಗ ಮೂರು ಮಾತು ಉದುರಿಹೋಗಿವೆ: ‘ಗ್ರಾಮೀಣ’ ಹೋಯಿತು, ‘ಐದನೇ ತರಗತಿ’ ಹೋಯಿತು, ‘ಎರಡನೇ ತರಗತಿ ಮಟ್ಟದ ಪಠ್ಯ’ ಹೋಯಿತು. ಉಳಿದದ್ದು ದೇಶದ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಓದೇ ಬರುವುದಿಲ್ಲ ಎನ್ನುವ ಮಾತು. ಅಸರ್ ಎಂದೂ ಹಾಗೆ ಹೇಳಿಲ್ಲ. ಆ ಪಠ್ಯ ಓದಲಾಗದ ಮಗು ನಾಲ್ಕು ಸಾಲಿನ ಸುಲಭ ಪ್ಯಾರಾ ಓದುತ್ತಿರಬಹುದು, ಬಿಡಿ ಪದ ಓದುತ್ತಿರಬಹುದು. ಅದನ್ನೂ ‘ಓದಲು ಬಾರದ ಮಗು’ ಎಂದು ಲೆಕ್ಕಕ್ಕೆ ಸೇರಿಸುವುದು ಆ ಮಗುವಿಗೇ ಮಾಡುವ ಅನ್ಯಾಯ.

ಇನ್ನೊಂದು ಸೂಕ್ಷ್ಮವಿದೆ. ಇದೇ ಅಂಕಿ 2018ರಲ್ಲಿ 50.5 ಇತ್ತು, 2022ರಲ್ಲಿ 42.8ಕ್ಕೆ ಇಳಿಯಿತು, 2024ರಲ್ಲಿ 48.8ಕ್ಕೆ ಏರಿತು. 2022ರದ್ದನ್ನು ಮಾತ್ರ ಆಯ್ದುಕೊಂಡರೆ ಪರಿಸ್ಥಿತಿ ದಿನೇದಿನೇ ಕೆಡುತ್ತಿದೆ ಎಂದು ಓದುಗ ಭಾವಿಸುತ್ತಾನೆ. ಶಿಕ್ಷಣದ ಕೆಲಸಕ್ಕೆ ಹಣ ಕೊಡುವ ಕಚೇರಿಯಲ್ಲಿ ಈ ಮೂರು ಅಂಕಿಯೂ ಗೊತ್ತಿರುವ ಒಬ್ಬರಾದರೂ ಇರುತ್ತಾರೆ. ಅವರು ಆ ವಾಕ್ಯದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಆಮೇಲೆ ನೀವು ಎಷ್ಟೇ ನಿಜ ಬರೆದರೂ ಅದನ್ನು ಆ ಚಿಹ್ನೆಯ ಜೊತೆಯಲ್ಲೇ ಓದುತ್ತಾರೆ. ಪ್ರಸ್ತಾವನೆ ಓದುವ ಕೆಲಸದಲ್ಲಿ ನಾನು ಕಂಡದ್ದು ಇದನ್ನೇ. ಒಂದು ಕಡೆ ಎಳೆದು ಹಿಗ್ಗಿಸಿದ ಮಾತು ಸಿಕ್ಕರೆ ಉಳಿದ ಮಾತುಗಳ ಬೆಲೆಯೂ ತಗ್ಗುತ್ತದೆ.

ಇನ್ನು ಮೊಬೈಲಿನ ವಿಷಯ. “ಅದು ನಾನೇ ಕಣ್ಣಾರೆ ಕಂಡಿದ್ದು ಕಣಪ್ಪಾ” ಎಂದರು. ಮಕ್ಕಳ ಕೈಯಲ್ಲಿ ಮೊಬೈಲ್ ಕಂಡಿದ್ದೀರಿ, ಆ ಮಕ್ಕಳು ತಡವರಿಸಿ ಓದುವುದನ್ನೂ ಕಂಡಿದ್ದೀರಿ. ಇದರಿಂದ ಅದು ಆಯಿತು ಎನ್ನುವುದನ್ನು ಯಾರೂ ಕಂಡಿಲ್ಲ. ಅದಿರಲಿ, ಕಾರಣ ಬರೆದ ಕೂಡಲೇ ಪರಿಹಾರವೂ ಅದರ ಹಿಂದೆಯೇ ಬರಬೇಕು. ಮೊಬೈಲೇ ಕಾರಣವಾದರೆ ಪುಸ್ತಕದ ಬೀರು ತಂದಿಟ್ಟರೆ ಮಗು ಮೊಬೈಲ್ ಬಿಡುತ್ತದೆಯೇ ಎಂದು ಕೇಳಿದರೆ ನಿಮ್ಮಲ್ಲಿ ಉತ್ತರವಿಲ್ಲ. ಸಾಬೀತು ಮಾಡಲಾಗದ ಕಾರಣವನ್ನು ಎತ್ತಿಕೊಂಡು ಅದರ ಭಾರವನ್ನು ಇಡೀ ಪ್ರಸ್ತಾವನೆಯ ಮೇಲೆ ಹೇರುವುದಕ್ಕಿಂತ, ಕಾರಣದ ಮಾತನ್ನು ಬಿಟ್ಟು ಸ್ಥಿತಿಯನ್ನು ಹೇಳುವುದು ಮೇಲು.

ಮೂರನೇ ವಾಕ್ಯದಲ್ಲಿ ಇದಕ್ಕಿಂತ ದೊಡ್ಡ ತೊಡಕಿತ್ತು. ‘ಗ್ರಂಥಾಲಯವಿಲ್ಲ, ಆದ್ದರಿಂದ ಗ್ರಂಥಾಲಯ ಬೇಕು.’ ಇದು ತಿರುಗಿ ಅಲ್ಲಿಗೇ ಬಂದು ನಿಲ್ಲುವ ಮಾತು. ನಾವು ಕೊಡಬೇಕೆಂದಿರುವ ವಸ್ತು ಅಲ್ಲಿಲ್ಲ ಎನ್ನುವುದು ಅಗತ್ಯವಲ್ಲ. ಅದಿಲ್ಲದ್ದರಿಂದ ಯಾವ ಮಗುವಿಗೆ ಏನು ಕೊರತೆಯಾಗಿದೆ ಎನ್ನುವುದು ಅಗತ್ಯ. ಸಾಲದ್ದಕ್ಕೆ ಆ ವಾಕ್ಯ ನಿಜವೂ ಆಗಿರಲಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ಗಳೆಂದು ಕರೆಯುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಟೀಚರಮ್ಮನ ಊರಿನ ಪಂಚಾಯಿತಿ ಕೇಂದ್ರದಲ್ಲೂ ಒಂದು ಅರಿವು ಕೇಂದ್ರ ಇದೆ.

“ಇದೆ, ಆದ್ರೆ ನಮ್ಮ ಮಕ್ಕಳು ಅಲ್ಲಿಗೆ ಹೋಗಲ್ವಲ್ಲ” ಎಂದರು.

“ಅದನ್ನೇ ಬರೀರಿ ಟೀಚರಮ್ಮ. ಇಲ್ಲ ಅನ್ನೋದಕ್ಕಿಂತ, ಇದ್ದೂ ಯಾಕೆ ಇವರಿಗೆ ದಕ್ಕುತ್ತಿಲ್ಲ ಅನ್ನೋದೇ ಗಟ್ಟಿಯಾದ ಮಾತು. ಆದರೆ ಹೋಗಿ ಸದಸ್ಯತ್ವದ ರಿಜಿಸ್ಟರ್ ನೋಡಿ ಬರೀರಿ.”

ಕತ್ತಲೆ, ಪೀಳಿಗೆ, ಅತ್ಯಂತ ತುರ್ತು. ಇವಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ‘ಇಡೀ ಪೀಳಿಗೆ’ಯನ್ನು ಟೀಚರಮ್ಮ ತಾವೇ ಹೊಡೆದುಹಾಕಿದರು.

“ಹಾಗಾದ್ರೆ ಉಳಿದದ್ದೇನು? ಏನೂ ಉಳೀಲಿಲ್ಲವಲ್ಲ” ಎಂದು ಹಾಳೆ ನೋಡಿದರು. ಉಳಿದದ್ದು ಅವರು ಇನ್ನೂ ಮಾಡದಿದ್ದ ಒಂದು ಕೆಲಸ. ಅವರು ಕೆಲಸ ಮಾಡಬೇಕೆಂದಿದ್ದ ಮೂರು ಶಾಲೆಗಳ ಮಕ್ಕಳು ಎಷ್ಟರಮಟ್ಟಿಗೆ ಓದುತ್ತಾರೆ ಎಂಬುದನ್ನು ಯಾರೂ ಕೂತು ನೋಡಿರಲಿಲ್ಲ. ದೇಶದ ಅಂಕಿಯಿಂದ ಮೂರು ಶಾಲೆಯ ಬಗ್ಗೆ ಹೇಳಲಾಗದು. ಅಸರ್‌ನವರು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆಯ್ದು ನೋಡುತ್ತಾರೆ. ಕಲಕಿದ ಪಾತ್ರೆಯಿಂದ ಅಗುಳು ತೆಗೆದು ಹಿಸುಕಿದಂತೆ ಅದು: ಇಡೀ ಪಾತ್ರೆ ಬೆಂದಿದೆಯೇ ಎಂದು ಹೇಳುತ್ತದೆ, ಆದರೆ ತಳದ ಒಂದು ಮೂಲೆಯ ಬಗ್ಗೆ ಕೇಳಿದರೆ ಅಲ್ಲಿಗೇ ಸೌಟು ಹಾಕಬೇಕು.

ಅಸರ್‌ನ ಓದಿನ ಹಾಳೆ ಇಂಥ ಕೆಲಸಕ್ಕೆ ಹೇಳಿಮಾಡಿಸಿದ್ದು. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಎಂದು ನಾಲ್ಕು ಭಾಗ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಪ್ಯಾರಾ ಕೊಡಬೇಕು. ಬಿಡಿಬಿಡಿ ಪದ ಓದಿದಂತಲ್ಲದೆ ವಾಕ್ಯದಂತೆ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಕಥೆಗೆ ಹೋಗಬೇಕು. ಆಗದಿದ್ದರೆ ಐದು ಪದ ಕೊಟ್ಟು ನೋಡಬೇಕು, ನಾಲ್ಕು ಸರಿಯಾದರೆ ಪದದ ಮಟ್ಟ. ಅದೂ ಆಗದಿದ್ದರೆ ಅಕ್ಷರ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಎಚ್ಚರ ಇರಬೇಕಾದದ್ದು ಬೇರೆ ಕಡೆ. ಕಥೆ ಕೇಳಲು ತಾವಾಗಿ ಬರುವ ಮಕ್ಕಳನ್ನಷ್ಟೇ ಪರೀಕ್ಷಿಸಿದರೆ ಓದಿನಲ್ಲಿ ಆಸೆಯಿರುವವರೇ ಸಿಗುತ್ತಾರೆ. ‘ಯಾರು ಹಿಂದಿದ್ದಾರೋ ಕಳಿಸಿ’ ಎಂದು ಶಾಲೆಯವರನ್ನು ಕೇಳಿದರೆ ಹಿಂದುಳಿದವರೇ ಸಿಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಎಲ್ಲರನ್ನೂ ಪರೀಕ್ಷಿಸಲು ಹೊರಡಬೇಕು, ಸಿಗದವರನ್ನೂ ಲೆಕ್ಕದಲ್ಲಿ ಇಡಬೇಕು.

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಬಿಇಓ ಕಚೇರಿಗೆ ಪತ್ರ ಕೊಟ್ಟು ಟೀಚರಮ್ಮ ಊರಿಗೆ ಹೊರಟರು. ಮರಳಿ ಬಂದಾಗ ಚೀಲದಲ್ಲಿ ನುಗ್ಗೆಕಾಯಿಯ ಜೊತೆಗೆ ಗುರುತು ಹಾಕಿದ ಹಾಳೆಗಳ ಕಟ್ಟೂ ಇತ್ತು. ಅವರ ಶಾಲೆಗಳ ನಿಜವಾದ ಅಂಕಿ ಇಲ್ಲಿ ಕೊಡುವುದು ಸರಿಯಲ್ಲ. ಲೆಕ್ಕದ ರೀತಿ ತಿಳಿಯಲೆಂದು ಬೇರೆ ಅಂಕಿ ಇಟ್ಟು ಹೇಳುತ್ತೇನೆ. ಮೂರು ಶಾಲೆ ಸೇರಿ 4 ಮತ್ತು 5ನೇ ತರಗತಿಯಲ್ಲಿ 68 ಮಕ್ಕಳು ಎಂದಿಟ್ಟುಕೊಳ್ಳಿ. ಪರೀಕ್ಷೆಗೆ ಸಿಕ್ಕವರು 61. ಕಥೆ ಓದಿದವರು 22, ಪ್ಯಾರಾದವರೆಗೆ ಬಂದವರು 14, ಪದಕ್ಕೆ ನಿಂತವರು 13, ಅಕ್ಷರಕ್ಕೆ ನಿಂತವರು 9, ಅಕ್ಷರವೂ ಗೊತ್ತಾಗದವರು 3.

ಟೀಚರಮ್ಮ ಆಗಲೇ ಕೂಡಿಸಿ ಕಳೆದು ಇಟ್ಟಿದ್ದರು. “ಕಥೆ ಓದಲಾಗದವರು 39. ಅಂದ್ರೆ ಶೇ 64. ‘ಸುಮಾರು ಮೂರನೇ ಎರಡು ಭಾಗ’ ಅಂತ ಬರೀಲಾ?”

ಬರೆಯಬಹುದಿತ್ತು, ಆದರೆ ಅದಕ್ಕಿಂತ ಬಲವಾದ ವಾಕ್ಯ ಅವರ ಕೈಯಲ್ಲೇ ಇತ್ತು. ಸಿಗದ 7 ಮಕ್ಕಳ ಮಟ್ಟ ನಮಗೆ ಗೊತ್ತಿಲ್ಲ. ಅವರೆಲ್ಲ ಚೆನ್ನಾಗಿ ಓದುವವರೇ ಎಂದುಕೊಂಡರೂ 68ರಲ್ಲಿ 39 ಮಕ್ಕಳು ಕಥೆ ಓದಲಾರರು. ಹಾಗಾಗಿ ‘68 ಮಕ್ಕಳಲ್ಲಿ ಕನಿಷ್ಠ 39’ ಎಂದು ಬರೆದರೆ ಅದನ್ನು ಯಾರೂ ಅಲ್ಲಾಡಿಸಲಾರರು. ಅಲ್ಲಿ ‘ಸುಮಾರು’ ಬೇಡ, ‘ಬಹುಶಃ’ ಬೇಡ. ಮಿತವಾಗಿ ಬರೆಯುವುದೆಂದರೆ ಎಲ್ಲವನ್ನೂ ಅಳುಕಿ ಹೇಳುವುದು ಎಂದು ಕೆಲವರು ತಿಳಿಯುತ್ತಾರೆ. ಎಣಿಸಿದ್ದನ್ನು ‘ಇರಬಹುದೇನೋ’ ಎಂದು ಬರೆಯುವುದೂ ಊಹೆಯನ್ನು ‘ಇದೆ’ ಎಂದು ಬರೆದಷ್ಟೇ ತಪ್ಪು. ಎರಡರಲ್ಲೂ ಮಾತಿಗೂ ಆಧಾರಕ್ಕೂ ತಾಳೆಯಿಲ್ಲ.

“ಕಥೆ ಓದಿದವರು ಶೇ 36. ದೇಶದ ಅಂಕಿ 48.8. ನಮ್ಮ ಮಕ್ಕಳು ದೇಶಕ್ಕಿಂತ ಹಿಂದಿದ್ದಾರೆ ಅಂತ ಒಂದು ವಾಕ್ಯ ಹಾಕಿದ್ರೆ ಚೆನ್ನಾಗಿರತ್ತೆ ಅಲ್ವಾ?”

ಬಹಳ ಆಸೆ ಹುಟ್ಟಿಸುವ ವಾಕ್ಯ ಅದು. ಆದರೆ ದೇಶದ ಅಂಕಿ ಐದನೇ ತರಗತಿಯದ್ದು, ಇವರದ್ದರಲ್ಲಿ ನಾಲ್ಕನೇ ತರಗತಿಯ ಮಕ್ಕಳೂ ಇದ್ದಾರೆ. ಅದರಲ್ಲಿ ಖಾಸಗಿ ಶಾಲೆಯ ಮಕ್ಕಳೂ ಸೇರಿದ್ದಾರೆ, ಇವರದ್ದು ಸರ್ಕಾರಿ ಶಾಲೆ ಮಾತ್ರ. ಅದನ್ನು ಮನೆಯಲ್ಲಿ ಕೇಳಿದ್ದು, ಇದನ್ನು ಶಾಲೆಯಲ್ಲಿ ಕೇಳಿದ್ದು. ಪಕ್ಕಪಕ್ಕ ಇಟ್ಟು ಅಳೆಯಲಾಗದ ಎರಡು ಅಂಕಿಗಳವು. ದೇಶದ ಅಂಕಿ ಹಿನ್ನೆಲೆಯಾಗಿ ಒಂದು ಸಾಲಿನಲ್ಲಿರಲಿ, ಇದು ಈ ಊರಿಗಷ್ಟೇ ಬಂದ ಸಮಸ್ಯೆಯಲ್ಲ ಎಂದು ತೋರಿಸಲು ಅಷ್ಟು ಸಾಕು. ಮೂರು ಶಾಲೆಯ ಮಕ್ಕಳ ಅಗತ್ಯ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ದೇಶಕ್ಕಿಂತ ಹಿಂದಿದ್ದಾರೆಂದು ತೋರಿಸಿದರೇ ಸಹಾಯ ಸಲ್ಲಬೇಕು ಎಂದೇನಿಲ್ಲ.

ಆಮೇಲೆ ಟೀಚರಮ್ಮ ಒಂದು ಗಳಿಗೆ ಸುಮ್ಮನಾಗಿ ಆ ಐದು ಅಂಕಿಗಳನ್ನು ನೋಡುತ್ತ ನಿಂತರು. “ಅಲ್ಲಪ್ಪಾ, ಕಥೆ, ಪ್ಯಾರಾ ಓದೋ 36 ಮಕ್ಕಳಿಗೆ ಪುಸ್ತಕ ಕೊಟ್ರೆ ಓದ್ಕೊಂಡು ಹೋಗ್ತಾರೆ. ಈ 13, 9, 3 ಇದ್ದಾರಲ್ಲ, ಈ 25 ಮಕ್ಕಳಿಗೆ ಬೀರು ತುಂಬ ಪುಸ್ತಕ ಇಟ್ಟರೂ ಏನು ಮಾಡ್ತಾರೆ? ಇವರ ಪಕ್ಕ ಯಾರಾದ್ರೂ ಕೂರಬೇಕು.”

ಪ್ರಸ್ತಾವನೆ ನಿಜವಾಗಿ ಬದಲಾದದ್ದು ಆ ಮಾತಿನಿಂದ. ‘ಶೇ 57 ಮಕ್ಕಳಿಗೆ ಓದಲು ಬರುವುದಿಲ್ಲ’ ಎಂಬ ವಾಕ್ಯ ಉಳಿದಿದ್ದರೆ ಗ್ರಂಥಾಲಯ ಒಂದೇ ಉತ್ತರವಾಗಿ ಉಳಿಯುತ್ತಿತ್ತು. ಆಧಾರಕ್ಕೆ ತಕ್ಕಷ್ಟೇ ಮಾತಾಡಲು ಹೊರಟಾಗ ಅಗತ್ಯವೇ ಎರಡಾಗಿ ಸೀಳಿ ಕಾಣಿಸಿತು. ಬೀರು, ಚಾಪೆಗಳಿಗೆ ಇಟ್ಟಿದ್ದ ಹಣದಲ್ಲಿ ಒಂದು ಭಾಗ ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ಗಂಟೆ ಮಕ್ಕಳ ಜೊತೆ ಕೂರುವ ಊರಿನ ಇಬ್ಬರು ಯುವತಿಯರ ಗೌರವಧನಕ್ಕೆ ಹೋಯಿತು.

ಅಲ್ಲೇ ಗೋಡೆಗೆ ಒರಗಿ ಹೊಸದಾಗಿ ಬರೆದೆವು. ಅದು ಹೀಗಾಯಿತು:

“ನಾವು ಆಯ್ದುಕೊಂಡಿರುವ ಮೂರು ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಯಲ್ಲಿ 68 ಮಕ್ಕಳಿದ್ದಾರೆ. ಇವರಲ್ಲಿ ಕನಿಷ್ಠ 39 ಮಕ್ಕಳು ಎರಡನೇ ತರಗತಿ ಮಟ್ಟದ ಕಥೆಯನ್ನು ಓದಲಾರರು; ಅವರಲ್ಲಿ 25 ಮಕ್ಕಳಿಗೆ ಒಂದನೇ ತರಗತಿ ಮಟ್ಟದ ಪ್ಯಾರಾ ಕೂಡ ಓದಲಾಗುವುದಿಲ್ಲ. ಹಾಜರಿದ್ದ 61 ಮಕ್ಕಳನ್ನು ಅಸರ್ ಓದಿನ ಹಾಳೆಯ ಮೂಲಕ ಒಬ್ಬೊಬ್ಬರಾಗಿ ಪರೀಕ್ಷಿಸಿ ಇದನ್ನು ಕಂಡುಕೊಂಡೆವು. 7 ಮಕ್ಕಳು ಸಿಗಲಿಲ್ಲ. ಈ ಪರೀಕ್ಷೆ ಸರಾಗವಾದ ಓದನ್ನು ಅಳೆಯುತ್ತದೆ, ಅರ್ಥ ಗ್ರಹಿಕೆಯನ್ನಲ್ಲ. ಹೋಬಳಿಯ ಬೇರೆ ಶಾಲೆಗಳ ಬಗ್ಗೆ ಇದರಿಂದ ನಾವು ಏನನ್ನೂ ಹೇಳುತ್ತಿಲ್ಲ. ದೇಶದ ಗ್ರಾಮೀಣ ಭಾಗದಲ್ಲೂ ಎರಡನೇ ತರಗತಿ ಪಠ್ಯ ಓದಬಲ್ಲ ಐದನೇ ತರಗತಿ ಮಕ್ಕಳು 2024ರಲ್ಲಿ ಶೇ 48.8 ಇದ್ದರು; 2022ಕ್ಕಿಂತ ಇದು ಹೆಚ್ಚು, 2018ರ ಮಟ್ಟಕ್ಕೆ ಇನ್ನೂ ಬಂದಿಲ್ಲ. ಈ ಶಾಲೆಗಳಲ್ಲಿ 1ರಿಂದ 3ನೇ ತರಗತಿಯವರೆಗೆ ನಲಿಕಲಿ ಪದ್ಧತಿಯಿದೆ. ನಾಲ್ಕನೇ ತರಗತಿಯಿಂದ ಪಾಠ ಪಠ್ಯಪುಸ್ತಕದ ಮೇಲೆ ಸಾಗುತ್ತದೆ. ಹಿಂದುಳಿದ ಮಕ್ಕಳಿಗೆ ಪ್ರತ್ಯೇಕ ಸಮಯ ಕೊಡಲಾಗುತ್ತಿಲ್ಲ ಎಂದು ಮೂರೂ ಶಾಲೆಗಳ ಶಿಕ್ಷಕರು ತಿಳಿಸಿದರು. ಪಂಚಾಯಿತಿ ಕೇಂದ್ರದಲ್ಲಿ ಅರಿವು ಕೇಂದ್ರವಿದೆ. ಎರಡು ಹಳ್ಳಿಯ ಮಕ್ಕಳು ಅಲ್ಲಿಗೆ ಹೆದ್ದಾರಿ ದಾಟಿ ಹೋಗಬೇಕು. ಅಲ್ಲಿಯ ಸದಸ್ಯತ್ವ ರಿಜಿಸ್ಟರಿನಲ್ಲಿ ಆ ಎರಡು ಶಾಲೆಗಳ ಮಕ್ಕಳ ಹೆಸರು ನಮಗೆ ಕಾಣಲಿಲ್ಲ.”

ಬರೆದು ಮುಗಿಸಿ ಟೀಚರಮ್ಮ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರತಿ ವಾಕ್ಯದ ಪಕ್ಕ ಒಂದೊಂದು ಗುರುತು ಹಾಕುತ್ತ ಹೋದರು: ನಾವು ಎಣಿಸಿದ್ದು, ಬೇರೆಯವರು ಅಳೆದದ್ದು, ಶಿಕ್ಷಕರು ಹೇಳಿದ್ದು, ನಾವು ನೋಡಿದ್ದು. ಯಾವ ಗುರುತೂ ಹಾಕಲಾಗದ ವಾಕ್ಯ ಇದ್ದರೆ ಅದು ಹೋಗಬೇಕು, ಇಲ್ಲವೇ ‘ಇದು ನಮ್ಮ ಅಂದಾಜು’ ಎಂದು ಹೇಳಿಕೊಂಡು ನಿಲ್ಲಬೇಕು. ‘ರಿಜಿಸ್ಟರಿನಲ್ಲಿ ಹೆಸರು ಕಾಣಲಿಲ್ಲ’ ಎಂದಷ್ಟೇ ಬರೆದೆವು, ‘ಮಕ್ಕಳು ಅಲ್ಲಿಗೆ ಹೋಗುವುದೇ ಇಲ್ಲ’ ಎಂದು ಬರೆಯಲಿಲ್ಲ. ಸದಸ್ಯರಾಗದೆ ಹೋಗಿ ಕೂತು ಓದಿ ಬರುವ ಮಗು ಇರಬಹುದು. ಹೆದ್ದಾರಿಯೇ ಅಡ್ಡಿ ಎಂದೂ ಬರೆಯಲಿಲ್ಲ. ಹೆದ್ದಾರಿ ಇದೆ, ಹೆಸರು ಇಲ್ಲ, ಇವೆರಡನ್ನೂ ಇಟ್ಟೆವು. ನಡುವಿನ ದಾರಿ ಓದುಗರಿಗೆ ತಾನಾಗಿ ಕಾಣುತ್ತದೆ.

“ಎಲ್ಲ ಲೆಕ್ಕವೇ ಆಯ್ತು. ಮನಸ್ಸಿಗೆ ತಟ್ಟಬೇಡವೇನಪ್ಪಾ?” ಎಂದು ಕೇಳಿದರು. ತಟ್ಟಬೇಕು. ಅದಕ್ಕೆ ಒಂದು ಮಗುವಿನ ಮಾತು ಸೇರಿಸಿದೆವು: ಐದನೇ ತರಗತಿಯ ಒಬ್ಬ ಹುಡುಗಿ ಪದಗಳನ್ನು ಬಿಡಿಬಿಡಿಯಾಗಿ ಓದುತ್ತಾಳೆ, ವಾಕ್ಯ ಬಂದರೆ ಚಿತ್ರ ನೋಡಿ ಕಥೆ ಕಟ್ಟಿ ಹೇಳುತ್ತಾಳೆ. ಮನೆಯವರ ಒಪ್ಪಿಗೆ ಕೇಳಿ, ಹೆಸರು ಊರು ಬಿಟ್ಟು, ಎರಡೇ ವಾಕ್ಯದಲ್ಲಿ ಬರೆದೆವು. ಅಕ್ಷರವೂ ಗೊತ್ತಿಲ್ಲದ ಮೂವರಲ್ಲಿ ಒಬ್ಬರನ್ನು ತೋರಿಸಿದ್ದರೆ ಕಣ್ಣೀರು ಹೆಚ್ಚು ಬರುತ್ತಿತ್ತು. ಆದರೆ ಆಗ ಓದುಗರು ಎಲ್ಲ 39 ಮಕ್ಕಳನ್ನೂ ಹಾಗೇ ಊಹಿಸಿಕೊಳ್ಳುತ್ತಿದ್ದರು. ಲೆಕ್ಕ ಮೊದಲು ಬಂದು, ಆ ಲೆಕ್ಕದ ನಡುವಿನ ಒಂದು ಮಗು ಆಮೇಲೆ ಬಂದರೆ, ಕರುಣೆಗೂ ಅಳತೆಗೂ ಜಗಳವಿರುವುದಿಲ್ಲ. ತಂದೆ ತಾಯಿ ನಿರ್ಲಕ್ಷ್ಯ ಮಾಡಿದರು ಎಂಬಂಥ ಮಾತು ಎಲ್ಲೂ ಬರಲಿಲ್ಲ. ಅವರನ್ನು ನಾವು ಅದನ್ನು ಕೇಳಿಯೇ ಇರಲಿಲ್ಲ.

ಕೊನೆಗೆ ಟೀಚರಮ್ಮ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. “ವರ್ಷ ಕಳೆದ ಮೇಲೆ ಏನಾಯ್ತು ಅಂತ ಕೇಳ್ತಾರಲ್ಲ, ಆಗ ಏನು ತೋರಿಸೋದು?” ಪೀಳಿಗೆಯನ್ನು ಕತ್ತಲೆಯಿಂದ ಎತ್ತುತ್ತೇವೆ ಎಂದು ಬರೆದಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಈಗ 25 ಮಕ್ಕಳಲ್ಲಿ ಎಷ್ಟು ಮಂದಿ ಪ್ಯಾರಾಕ್ಕೆ ಬಂದರು ಎಂದು, ಅದೇ ಮಟ್ಟದ ಇನ್ನೊಂದು ಹಾಳೆಯಿಂದ ಅದೇ ರೀತಿ ಕೇಳಿ ಹೇಳಬಹುದು. ಅಲ್ಲೂ ಅಳತೆ ಮೀರಬಾರದು. ಮಗು ಒಂದು ವರ್ಷ ದೊಡ್ಡದಾಗಿರುತ್ತದೆ, ಶಾಲೆಯಲ್ಲೂ ಕಲಿತಿರುತ್ತದೆ. ಬಂದ ಪ್ರಗತಿಯೆಲ್ಲ ನಮ್ಮ ಒಂದು ಗಂಟೆಯಿಂದಲೇ ಬಂತು ಎನ್ನಲಾಗದು. ‘ಇಷ್ಟು ಮಕ್ಕಳು ಮುಂದೆ ಬಂದರು, ಅದರಲ್ಲಿ ನಮ್ಮ ಪಾಲು ಎಷ್ಟೆಂದು ಈ ಲೆಕ್ಕ ಹೇಳದು’ ಎಂದು ಈಗಲೇ ಪ್ರಸ್ತಾವನೆಯಲ್ಲಿ ಒಂದು ಸಾಲು ಹಾಕಿದೆವು. ಐದನೇ ತರಗತಿಯವರು ಬೇರೆ ಶಾಲೆಗೆ ಹೋದರೆ ಹುಡುಕುವುದು ಕಷ್ಟವಾದ್ದರಿಂದ, ಅವರು ಯಾವ ಶಾಲೆಗೆ ಸೇರಿದರು ಎಂದು ಬರೆದಿಡುವ ಒಂದು ಅಂಕಣವನ್ನೂ ಪಟ್ಟಿಗೆ ಸೇರಿಸಿದರು.

‘ಯಾಕೆ ಬೇಕು’ ಎಂಬ ಆ ಒಂದು ಪುಟವನ್ನು ಹಣ ಕೇಳುವ ಪುಟ ಎಂದೇ ಬಹಳ ಜನ ತಿಳಿದಿರುತ್ತಾರೆ. ನನ್ನ ಮಟ್ಟಿಗೆ ಅದು ವರ್ಷದ ಕೊನೆಗೆ ಕೊಡಬೇಕಾದ ಲೆಕ್ಕದ ಮೊದಲ ಪುಟ. ಅಂದು ಎದುರು ಕೂತು ಲೆಕ್ಕ ಕೇಳುವವರ ಮುಂದೆ ತಲೆ ಎತ್ತಿ ಓದಬಹುದಾದಷ್ಟನ್ನೇ ಇಂದು ಅದರಲ್ಲಿ ಬರೆಯಬೇಕು.